ಅಜ್ಜಿ ಎತ್ತಿಕೊಂಡರೆ ಮಗು ಕಿರುಚುವುದೇಕೆ?

"ಮಗಳಿಗೆ ಎಂಟು ತಿಂಗಳು. ಮೊದಲು ಯಾರು ಕರೆದರೂ ಹೋಗುತ್ತಿದ್ದಳು. ಈಗ ಊರಿಂದ ಬಂದ ಅಜ್ಜಿ ಎತ್ತಿಕೊಂಡರೆ ಕಿರುಚುತ್ತಾಳೆ, ನಾನು ಬಚ್ಚಲಿಗೆ ಹೋದರೂ ಅಳು. ಏನಾಗಿದೆ?"

ಇದು ಬಹುಶಃ ಅವಳ ನೆನಪು ಬೆಳೆದದ್ದರ ಗುರುತು. ಕಣ್ಣಿಗೆ ಕಾಣದಿದ್ದರೂ ನೀವು ಎಲ್ಲೋ ಇದ್ದೀರಿ ಎಂದು ಈಗ ಅವಳಿಗೆ ಗೊತ್ತು, ಯಾವಾಗ ಬರುತ್ತೀರಿ ಎಂಬುದು ಮಾತ್ರ ಗೊತ್ತಿಲ್ಲ. ಮನೆಯವರ ಮುಖ ಮನಸ್ಸಿನಲ್ಲಿ ನಿಂತಿರುವುದರಿಂದ ಅಪರೂಪಕ್ಕೆ ಕಾಣುವ ಅಜ್ಜಿಯ ಮುಖ ಹೊಸದೆನಿಸುತ್ತದೆ. ಪಾಪ, ಅಜ್ಜಿ ಬೇಜಾರು ಮಾಡಿಕೊಳ್ಳುವುದು ಬೇಡ.

ಮೊದಲು ಮಗು ನಿಮ್ಮ ಮಡಿಲಲ್ಲೇ ಇರಲಿ. ಅಜ್ಜಿ ನಾಲ್ಕೈದು ಅಡಿ ದೂರ ನೆಲದ ಮೇಲೆ ಕೂತು, ಅವಳನ್ನು ದಿಟ್ಟಿಸದೆ ನಿಮ್ಮ ಜೊತೆ ಮಾತಾಡಲಿ. ಅಜ್ಜಿಗೆ ಹೆದರಬೇಕೋ ಬೇಡವೋ ಎಂದು ಮಗು ನಿಮ್ಮ ಮುಖದ ನಗು ನೋಡಿಯೇ ತೀರ್ಮಾನಿಸುವುದು. ಹತ್ತು ಹದಿನೈದು ನಿಮಿಷವಾದ ಮೇಲೆ ಅಜ್ಜಿ ಒಂದು ಸ್ಟೀಲ್ ಲೋಟ ಮುಂದೆ ಸರಿಸಲಿ. ಅವಳು ಕೈಚಾಚಿ ಹತ್ತಿರ ಬಂದರೆ ಆಡಿಸಲಿ, ಮುಖ ತಿರುಗಿಸಿ ನಿಮ್ಮನ್ನು ತಬ್ಬಿದರೆ ಹಿಂದೆ ಸರಿಯಲಿ. ಬಲವಂತವಾಗಿ ಎತ್ತಿಕೊಂಡರೆ ಭಯ ಗಟ್ಟಿಯಾಗುತ್ತದೆ.

ಬಚ್ಚಲಿಗೆ ಕದ್ದು ಹೋಗಬೇಡಿ, ಹೇಳಿ ಹೋಗಿ, ಒಳಗಿಂದ ಮಾತಾಡುತ್ತಿರಿ. ದಿನಾ ಚಮಚವನ್ನು ಬಟ್ಟೆಯಡಿ ಅರ್ಧ ಮುಚ್ಚಿ ಹುಡುಕಿಸಿ, ಆಮೇಲೆ ಪೂರ್ತಿ ಮುಚ್ಚಿ. ಮುಖ ಮುಚ್ಚಿ ತೆರೆದು ನಗಿಸುವ ಕೂಕಿ ಆಟವೂ ಇದನ್ನೇ ಕಲಿಸುತ್ತದೆ: ಮರೆಯಾದದ್ದು ಮರಳುತ್ತದೆ.

ಈ ಭಯ ಕಡಿಮೆಯಾಗಲು ಕೆಲವು ಮಕ್ಕಳಿಗೆ ವಾರಗಳು, ಕೆಲವಕ್ಕೆ ತಿಂಗಳುಗಳು ಬೇಕು. ಒಂಬತ್ತು ತಿಂಗಳು ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ನಿಮ್ಮ ಮುಖವನ್ನೇ ನೋಡದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.