ಎರಡು ಸೆಕೆಂಡಿನ ಗೆರೆ ಅಳಿಸಿ ಬರೆ

"ಸರ್, ಬಹುದೂರದ ಆಕಾಶದಿಂದ ಸ್ವಲ್ಪ ಹೊತ್ತು ಮಿಂಚಿ ಮರೆಯಾಗುವ ಗಾಮಾ ಕಿರಣ ಸ್ಫೋಟಗಳ ಬಗ್ಗೆ ನನ್ನ ಲೇಖನ ಕಳಿಸಿ ಬಹಳ ದಿನವಾಯಿತು. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದರೆ ದೈತ್ಯ ನಕ್ಷತ್ರ ಕುಸಿದದ್ದು, ಕಡಿಮೆ ಇದ್ದರೆ ಸತ್ತ ಭಾರಿ ನಕ್ಷತ್ರಗಳ ಗಟ್ಟಿ ತಿರುಳಾಗಿ ಉಳಿದ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದದ್ದು ಅಂತ ಎಲ್ಲರಿಗೂ ತಿಳಿಯುವ ಹಾಗೆ ಬರೆದಿದ್ದೆ. ಆರಿದ್ರಾ ನಕ್ಷತ್ರದ ಉದಾಹರಣೆಯನ್ನೂ ಕೊಟ್ಟಿದ್ದೆ. ಯಾಕೆ ಹಾಕಲಿಲ್ಲ? ಮುಚ್ಚುಮರೆ ಇಲ್ಲದೆ ಹೇಳಿ."
ಪದವಿ ವಿದ್ಯಾರ್ಥಿನಿ, ಕೊಪ್ಪಳ

ತಂಗಿ,

ಲೇಖನ ತಡೆದದ್ದು ನಾನೇ. ನಿನ್ನ ಭಾಷೆಯ ಮೇಲೆ ತಕರಾರಿಲ್ಲ, ಆ ಗೆರೆಯ ಮೇಲೆ ಇದೆ. ಅದನ್ನು ನೀನು ನಿಸರ್ಗ ಹಾಕಿಕೊಟ್ಟ ಕಾನೂನಿನ ಹಾಗೆ ಬರೆದಿದ್ದೀಯ. ಅದು ಬಂದದ್ದು ಎಣಿಕೆಯಿಂದ. 1991ರಲ್ಲಿ ಹಾರಿಸಿದ ಕಾಂಪ್ಟನ್ ಉಪಗ್ರಹ ಒಂಬತ್ತು ವರ್ಷಗಳಲ್ಲಿ ಸುಮಾರು 2,700 ಸ್ಫೋಟಗಳನ್ನು ಹಿಡಿಯಿತು. ಯಾವುದು ಎಷ್ಟು ಹೊತ್ತು ಇತ್ತು ಎಂದು ನಕ್ಷೆ ಬರೆದಾಗ ಎರಡು ದಿಬ್ಬ ಕಾಣಿಸಿದವು. ಒಂದು, ಅರ್ಧ ಸೆಕೆಂಡಿಗೂ ಕಡಿಮೆ ಇರುವ ಕಡೆ. ಇನ್ನೊಂದು, ಹತ್ತಾರು ಸೆಕೆಂಡುಗಳ ಕಡೆ. ನಡುವಿನ ತಗ್ಗು ಎರಡು ಸೆಕೆಂಡಿನ ಆಸುಪಾಸಿನಲ್ಲಿ ಬಿತ್ತು, ಗೆರೆಯನ್ನು ಅಲ್ಲಿ ಎಳೆದರು. ಆದರೆ ಎರಡೂ ದಿಬ್ಬಗಳ ಇಳಿಜಾರು ಆ ತಗ್ಗಿನಲ್ಲಿ ಒಂದರೊಳಗೊಂದು ಸೇರಿಕೊಂಡಿವೆ. ಗೆರೆಯ ಈಚೆ ನಿಂತದ್ದೆಲ್ಲ ಡಿಕ್ಕಿ, ಆಚೆ ನಿಂತದ್ದೆಲ್ಲ ಕುಸಿತ ಎಂದು ಆ ನಕ್ಷೆ ಹೇಳಲೇ ಇಲ್ಲ.

ಮೊದಲು ಆರಿದ್ರಾ ನಕ್ಷತ್ರಕ್ಕೆ ಬರೋಣ. ಆರಿದ್ರಾ ಮಳೆ ಎಂದರೆ ನಮ್ಮ ಕಡೆ ಮಗುವಿಗೂ ಗೊತ್ತು, ಹಾಗಾಗಿ ಆ ಹೆಸರು ಹಿಡಿದದ್ದು ಸರಿ. ಆದರೆ ಅದು ಸಾಯುವಾಗ ಗಾಮಾ ಸ್ಫೋಟ ಆಗುತ್ತದೆ ಎಂದು ಬರೆದದ್ದು ತಪ್ಪು. ಕಾರಣ ತಿಳಿದರೆ ನಿನ್ನ ಇಡೀ ಲೇಖನ ತಾನೇ ಸರಿಹೋಗುತ್ತದೆ.

ದೈತ್ಯ ನಕ್ಷತ್ರದ ತಿರುಳು ಕುಸಿದು ಕಪ್ಪುಕುಳಿ ಆಗುತ್ತದೆ ಎಂದುಕೋ. ನಕ್ಷತ್ರ ಜೋರಾಗಿ ತಿರುಗುತ್ತಿದ್ದರೆ ಮೇಲಿನ ವಸ್ತು ನೇರ ಒಳಗೆ ಬೀಳದೆ ಕುಳಿಯ ಸುತ್ತ ತಟ್ಟೆಯಾಗಿ ಸುತ್ತುತ್ತದೆ. ಆಗ ಎರಡು ಧ್ರುವಗಳ ಕಡೆಗೆ ಬೆಳಕಿನ ವೇಗಕ್ಕೆ ಸಮೀಪದ ಎರಡು ಸಪೂರ ಜೆಟ್‌ಗಳು ಚಿಮ್ಮುತ್ತವೆ. ಅವು ನಕ್ಷತ್ರದ ಒಡಲನ್ನು ಕೊರೆದು ಹೊರಬಿದ್ದರೆ ಮಾತ್ರ ಗಾಮಾ ಕಿರಣ ನಮ್ಮ ತನಕ ಬರುತ್ತದೆ, ಅದೂ ಜೆಟ್ ನಮ್ಮ ಕಡೆ ಮುಖ ಮಾಡಿದ್ದರೆ. ಕೊರೆಯುವುದಕ್ಕೆ ಎಷ್ಟು ಹೊತ್ತು ಬೇಕು? ಸೂರ್ಯನ ಕೇಂದ್ರದಿಂದ ಮೇಲ್ಮೈಗೆ ಸುಮಾರು 7 ಲಕ್ಷ ಕಿಲೋಮೀಟರ್, ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಅಷ್ಟೇ ಗಾತ್ರದ ನಕ್ಷತ್ರವಾದರೆ ಬೆಳಕಿನ ವೇಗದಲ್ಲೇ ಹೋದರೂ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಒಡಲೊಳಗೆ ಜೆಟ್ ಅದಕ್ಕಿಂತ ನಿಧಾನ ಸಾಗುವುದರಿಂದ ಹತ್ತು ಸೆಕೆಂಡ್ ಹಿಡಿದೀತು. ಆರಿದ್ರಾದ ತ್ರಿಜ್ಯ ಸೂರ್ಯನ 700 ಪಟ್ಟು ಎಂದಿಟ್ಟುಕೊಂಡು ಗುಣಿಸಿ ನೋಡು, ಬೆಳಕಿಗೇ 27 ನಿಮಿಷ ಬೇಕಾಗುತ್ತದೆ. ಕಪ್ಪುಕುಳಿ ಜೆಟ್ ಊದುವುದು ಸಾಮಾನ್ಯವಾಗಿ ಹತ್ತಾರು ಸೆಕೆಂಡ್ ಮಾತ್ರ. ಅರ್ಧ ದಾರಿಯಲ್ಲೇ ಅದು ಉಸಿರುಗಟ್ಟಿ ನಿಲ್ಲುತ್ತದೆ. ಆರಿದ್ರಾ ಸಿಡಿದು ಚೂರಾಗಿ ವಾರಗಟ್ಟಲೆ ಬೆಳಗುವ ಸೂಪರ್‌ನೋವಾ ಆಗುತ್ತದೆ, ಗಾಮಾ ಸ್ಫೋಟ ಆಗುವುದಿಲ್ಲ.

ಹೀಗಾಗಿ ಬೇಕಾಗುವುದು ಹೈಡ್ರೋಜನ್ ಹೊದಿಕೆ ಕಳಚಿಹೋದ, ಗಾತ್ರದಲ್ಲಿ ಸಣ್ಣದಾದ, ಜೋರಾಗಿ ತಿರುಗುವ ಭಾರಿ ನಕ್ಷತ್ರ. ಇದು ಬರೀ ಲೆಕ್ಕವಲ್ಲ. 2003ರ ಮಾರ್ಚ್ 29ರ ಸ್ಫೋಟದ ನಂತರ ಉಳಿದ ಹೊಳಪು ಆರುತ್ತಾ ಬಂದ ಹಾಗೆ ಅದರೊಳಗಿಂದ ಸೂಪರ್‌ನೋವಾದ ವರ್ಣಪಟಲ ಎದ್ದುಬಂತು, ಅದರಲ್ಲಿ ಹೈಡ್ರೋಜನ್ ಗುರುತೇ ಇರಲಿಲ್ಲ.

ಈಗ ನಿನ್ನ ಗೆರೆಗೆ ಬರುತ್ತೇನೆ. ಹೊಲದಲ್ಲಿ ಬೋರ್ ಹೊಡೆಸುವಾಗ ಯಂತ್ರ ಇಡೀ ರಾತ್ರಿ ಓಡಿದರೂ ನೀರು ಚಿಮ್ಮಿದ ಹೊತ್ತಷ್ಟೇ ದೂರದವರ ಕಣ್ಣಿಗೆ ಬೀಳುವುದು. ಇಲ್ಲೂ ಹಾಗೆಯೇ. ಜೆಟ್ ಊದಿದ ಒಟ್ಟು ಹೊತ್ತಿನಲ್ಲಿ ಕೊರೆಯುವ ಹೊತ್ತು ಕಳೆದು ಉಳಿದದ್ದು ಮಾತ್ರ ನಮಗೆ ಸಿಗುವ ಸ್ಫೋಟ. ಹನ್ನೊಂದು ಸೆಕೆಂಡ್ ಊದಿ ಹತ್ತು ಸೆಕೆಂಡ್ ಕೊರೆದರೆ, ಕುಸಿದ ನಕ್ಷತ್ರವೂ ಒಂದೇ ಸೆಕೆಂಡ್ ಮಿನುಗಿ ನಿಲ್ಲುತ್ತದೆ. 2020ರ ಆಗಸ್ಟ್ 26ರಂದು ಸುಮಾರು ಒಂದು ಸೆಕೆಂಡಿನ ಸ್ಫೋಟ ಬಂತು. ನಿನ್ನ ಲೆಕ್ಕದಲ್ಲಿ ಅದು ಡಿಕ್ಕಿ. ಆಮೇಲೆ ಅದೇ ಜಾಗದಲ್ಲಿ ಸೂಪರ್‌ನೋವಾದ ಬೆಳಕು ಕಂಡಿತು. ಹೊರಬೀಳುವಷ್ಟಕ್ಕೇ ಜೆಟ್‌ನ ಶಕ್ತಿ ಮುಗಿದಿತ್ತು ಎಂಬುದು ಸಂಶೋಧಕರು ಕೊಡುವ ವಿವರಣೆ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2021ರ ಡಿಸೆಂಬರ್ 11ರಂದು. ಸ್ವಿಫ್ಟ್, ಫರ್ಮಿ ಎರಡೂ ಉಪಗ್ರಹಗಳು ಒಂದು ಸ್ಫೋಟ ಹಿಡಿದವು. ಹದಿಮೂರು ಸೆಕೆಂಡಿನಷ್ಟು ಜೋರಿನ ಭಾಗ, ಹಿಂದೆಯೇ ಮೆತ್ತಗಿನ ಬಾಲ, ಒಟ್ಟು ಐವತ್ತು ಸೆಕೆಂಡಿಗೂ ಮೇಲೆ. ಕುಸಿತವೇ ಎಂದು ಯಾರಾದರೂ ಹೇಳುತ್ತಿದ್ದರು. ದೂರ ಸುಮಾರು 110 ಕೋಟಿ ಜ್ಯೋತಿರ್ವರ್ಷ, ಇಂಥ ಸ್ಫೋಟಗಳ ಮಟ್ಟಿಗೆ ಇದು ಪಕ್ಕದ ಓಣಿ. ಸೂಪರ್‌ನೋವಾ ಇದ್ದಿದ್ದರೆ ಎರಡು ಮೂರು ವಾರದಲ್ಲಿ ಅದರ ಬೆಳಕು ಉಬ್ಬಿ ಬರಬೇಕಿತ್ತು, ಅಷ್ಟು ಹತ್ತಿರದ್ದು ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ. ಏನೂ ಬರಲಿಲ್ಲ. ಬದಲಿಗೆ ಕಣ್ಣಿಗೆ ಕಾಣುವ ಬೆಳಕು ಒಂದೆರಡು ದಿನದಲ್ಲೇ ಕುಸಿಯಿತು, ಅವಕೆಂಪು ಬೆಳಕು ಮಾತ್ರ ಇನ್ನೂ ಕೆಲವು ದಿನ ಉಳಿಯಿತು.

ಅದು ಯಾಕೆ ಹಾಗೆ ಎನ್ನುವುದನ್ನು ಬಿಡಿಸಿ ಬರೆಯಬೇಕಾದ ಜಾಗ ಇದು, ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ನ್ಯೂಟ್ರಾನ್ ನಕ್ಷತ್ರಗಳು ಬಡಿದಾಗ ಸಿಡಿಯುವ ಚೂರು ವಸ್ತುವಿನಲ್ಲಿ ನ್ಯೂಟ್ರಾನ್‌ಗಳು ತುಂಬಿರುತ್ತವೆ. ಪರಮಾಣು ಬೀಜಗಳು ಅವನ್ನು ಸರಸರನೆ ನುಂಗಿ ಚಿನ್ನ, ಪ್ಲಾಟಿನಂನಂಥ ಭಾರದ ಧಾತುಗಳಾಗುತ್ತವೆ. ಅವುಗಳಲ್ಲಿ ಲ್ಯಾಂಥನೈಡ್ ಗುಂಪಿನ ಧಾತುಗಳು ನೀಲಿ ಬೆಳಕನ್ನು ಹೊರಗೆ ಬಿಡುವುದೇ ಇಲ್ಲ, ಕೆಂಪು ಮತ್ತು ಅವಕೆಂಪು ಮಾತ್ರ ಸೋರುತ್ತದೆ. ಈ ಮಂದ ಹೊಳಪಿಗೆ ಕಿಲೋನೋವಾ ಎನ್ನುತ್ತಾರೆ. 2017ರ ಆಗಸ್ಟ್ 17ರಂದು ಗುರುತ್ವ ಅಲೆಗಳ ಜೊತೆಗೇ ಸಿಕ್ಕಿದ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಲ್ಲಿ ಇದೇ ಹೊಳಪು ಕಂಡಿತ್ತು. ಡಿಸೆಂಬರ್ ಸ್ಫೋಟದ ಹೊಳಪು ಅದನ್ನೇ ಹೋಲಿತು. ಜಾಗವೂ ಹೊಂದಿತು. ಭಾರಿ ನಕ್ಷತ್ರಗಳು ಬಹಳ ದಿನ ಬದುಕುವುದಿಲ್ಲ, ಹುಟ್ಟಿದ ಕಡೆಯೇ ಸಾಯುತ್ತವೆ. ಈ ಸ್ಫೋಟವೋ ಹತ್ತಿರದ ಗ್ಯಾಲಕ್ಸಿಯ ನಡುವಿನಿಂದ ಸುಮಾರು 25 ಸಾವಿರ ಜ್ಯೋತಿರ್ವರ್ಷ ಆಚೆ, ಹೊಸ ನಕ್ಷತ್ರಗಳು ಹುಟ್ಟುವ ಜಾಗದಿಂದ ದೂರ, ಅಂಚಿನಲ್ಲಿ ಆಗಿತ್ತು.

ಆದರೆ ಡಿಕ್ಕಿಯ ನಂತರ ಉಳಿಯುವ ತಟ್ಟೆ ತೀರಾ ಚಿಕ್ಕದು, ಅದು ಒಂದೆರಡು ಸೆಕೆಂಡಿನಲ್ಲಿ ಖಾಲಿಯಾಗಬೇಕು. ಐವತ್ತು ಸೆಕೆಂಡ್ ಹೇಗೆ ಓಡಿತು? ಇದಕ್ಕೆ ಇನ್ನೂ ಒಮ್ಮತವಿಲ್ಲ. ಬಡಿದದ್ದು ಒಂದು ನ್ಯೂಟ್ರಾನ್ ನಕ್ಷತ್ರ ಮತ್ತು ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ಒಂದು ಬಿಳಿ ಕುಬ್ಜ ಎನ್ನುವವರಿದ್ದಾರೆ. ಡಿಕ್ಕಿಯಿಂದ ಹುಟ್ಟಿದ್ದು ತಕ್ಷಣ ಕಪ್ಪುಕುಳಿ ಆಗದೆ ಭಾರಿ ಕಾಂತಶಕ್ತಿಯ ನಕ್ಷತ್ರವಾಗಿ ಸ್ವಲ್ಪ ಹೊತ್ತು ತಿರುಗಿತು ಎನ್ನುವವರೂ ಇದ್ದಾರೆ. ಎರಡನ್ನೂ ಬರೆ, ಒಂದನ್ನೇ ಆರಿಸಿ ತೀರ್ಪು ಕೊಡಬೇಡ.

ತಿದ್ದುವಾಗ ಡಿಸೆಂಬರ್ 11ರಿಂದಲೇ ಶುರು ಮಾಡು. ಹೊತ್ತನ್ನು ಮೊದಲ ಸುಳಿವಾಗಿ ಹೇಳು. ಸೂಪರ್‌ನೋವಾ ಬಂತೋ ಕಿಲೋನೋವಾ ಬಂತೋ, ಸ್ಫೋಟ ಎಲ್ಲಿ ಆಯಿತು ಎನ್ನುವುದನ್ನು ಸಾಕ್ಷಿಯಾಗಿ ಇಡು. ಆರಿದ್ರಾ ಇರಲಿ, ಆದರೆ ಯಾಕೆ ಆಗುವುದಿಲ್ಲ ಎಂಬ ಲೆಕ್ಕದ ಜೊತೆಗೆ. "ನಮ್ಮ ಸೂರ್ಯನೂ ಒಂದು ದಿನ ಹೀಗೆಯೇ" ಎಂಬ ವಾಕ್ಯ ಹೊಡೆದುಹಾಕು. ಸೂರ್ಯನಿಗೆ ಆ ತೂಕವಿಲ್ಲ, ಅದು ಬಿಳಿ ಕುಬ್ಜವಾಗಿ ತಣ್ಣಗಾಗುತ್ತದೆ. ತಿದ್ದಿದ್ದನ್ನು ನನ್ನ ಹೆಸರಿಗೇ ಕಳಿಸು, ಬಂದ ವಾರದಲ್ಲೇ ಓದುತ್ತೇನೆ.