56 ಆರ್ಡರ್‌ನ ಗ್ರೂಪ್: 48 ಹೊಡೆದು ಹಾಕಿದ ಮೇಲೆ ಉಳಿಯುವ ಎಂಟು

ಪ್ರಶ್ನೆ: 56 ಆರ್ಡರ್‌ನ ಗ್ರೂಪ್‌ನಲ್ಲಿ ನಾರ್ಮಲ್ ಸಬ್‌ಗ್ರೂಪ್ ಇದೆ ಅಂತ ತೋರಿಸಬೇಕು. ಸೈಲೋ ಪ್ರಮೇಯದಿಂದ n₇ = 1 ಅಥವಾ 8, n₂ = 1 ಅಥವಾ 7 ಅಂತ ಬಂತು. 8 ಮತ್ತು 7 ಎರಡೂ ಆದರೆ 8×6 + 7×7 = 97 ಎಲಿಮೆಂಟ್ ಆಗುತ್ತೆ, 56 ದಾಟುತ್ತೆ. ಇಷ್ಟು ಸಾಕಾ?

ನಿಮ್ಮ 8×6 ಸರಿ ಇದೆ. 7×7 ತಪ್ಪು. ಆದರೆ ಅದು ನಿಮಗೆ ಬೇಕಾಗಿಯೇ ಇಲ್ಲ.

ಮೊದಲು 48 ಯಾಕೆ ಸರಿ ಅಂತ ನೋಡೋಣ. 7 ಆರ್ಡರ್‌ನ ಎರಡು ಬೇರೆ ಬೇರೆ ಸಬ್‌ಗ್ರೂಪ್ ತಗೊಳ್ಳಿ. ಅವೆರಡರಲ್ಲೂ ಇರುವ ಎಲಿಮೆಂಟ್‌ಗಳು ಸೇರಿ ಮತ್ತೊಂದು ಸಬ್‌ಗ್ರೂಪ್ ಆಗುತ್ತವೆ. ಅದರ ಆರ್ಡರ್ 7ನ್ನು ಭಾಗಿಸಬೇಕು, ಅಂದರೆ 1 ಅಥವಾ 7. ಏಳೇ ಆದರೆ ಎರಡೂ ಒಂದೇ ಸಬ್‌ಗ್ರೂಪ್ ಆಗಿಬಿಡುತ್ತವೆ. ಹಾಗಾಗಿ ಐಡೆಂಟಿಟಿ ಒಂದನ್ನು ಬಿಟ್ಟು ಬೇರೇನೂ ಹಂಚಿಕೆ ಇಲ್ಲ. ಒಂದೊಂದರಲ್ಲೂ ಹೊಸದಾಗಿ 6 ಎಲಿಮೆಂಟ್ ಸಿಗುತ್ತವೆ, ಎಲ್ಲವೂ 7 ಆರ್ಡರ್‌ನವು.

8 ಆರ್ಡರ್‌ನ ಸಬ್‌ಗ್ರೂಪ್‌ಗಳಿಗೆ ಈ ಮಾತು ನಡೆಯುವುದಿಲ್ಲ. 8 ಅವಿಭಾಜ್ಯ ಅಲ್ವಲ್ಲ, ಅವುಗಳ ಛೇದನದಲ್ಲಿ 2 ಅಥವಾ 4 ಎಲಿಮೆಂಟ್ ಇರಬಹುದು. 28 ಬದಿಗಳ ಸಮ ಬಹುಭುಜದ ಸಿಮೆಟ್ರಿಗಳನ್ನೇ ನೋಡಿ: 28 ತಿರುಗಿಸುವಿಕೆ, 28 ಪ್ರತಿಫಲನ, ಒಟ್ಟು 56. ಇಲ್ಲಿ n₂ = 7. ಆದರೆ ಈ ಏಳರಲ್ಲೂ 90 ಡಿಗ್ರಿಯ ಲೆಕ್ಕದಲ್ಲಿ ತಿರುಗಿಸುವ ಅದೇ 4 ಎಲಿಮೆಂಟ್ ಕೂತಿವೆ. ಹೊಸದಾಗಿ ಬರುವುದು ತಲಾ 4 ಪ್ರತಿಫಲನ ಮಾತ್ರ. ಏಳನ್ನೂ ಸೇರಿಸಿದರೆ 4 + 28 = 32 ಆಗುತ್ತದೆ. ನಿಮ್ಮ ಲೆಕ್ಕದ ಪ್ರಕಾರ ಐಡೆಂಟಿಟಿ ಸೇರಿ 50 ಆಗಬೇಕಿತ್ತು.

ಈಗ ಸರಿಯಾದ ದಾರಿ. ನಾನು ಇದನ್ನು ಹೇಳಿಕೊಡುವಾಗ ಬೋರ್ಡ್ ಮೇಲೆ 56 ಚುಕ್ಕಿ ಇಡುತ್ತೇನೆ. n₇ = 1 ಆದರೆ ಕೆಲಸ ಅಲ್ಲಿಗೇ ಮುಗಿಯಿತು, 7 ಆರ್ಡರ್‌ನ ಆ ಸಬ್‌ಗ್ರೂಪ್ ನಾರ್ಮಲ್. n₇ = 8 ಆದರೆ ಆರಾರು ಚುಕ್ಕಿಯಂತೆ ಎಂಟು ಸಲ ಹೊಡೆದು ಹಾಕುತ್ತೇನೆ. ಉಳಿಯುವುದು ಎಂಟೇ ಚುಕ್ಕಿ. 8 ಆರ್ಡರ್‌ನ ಸೈಲೋ ಸಬ್‌ಗ್ರೂಪ್ ಒಂದಾದರೂ ಇದ್ದೇ ಇರುತ್ತದೆ, ಅದನ್ನು P ಅನ್ನೋಣ. 7 ಎಂಟನ್ನು ಭಾಗಿಸುವುದಿಲ್ಲ, ಹಾಗಾಗಿ P ಒಳಗೆ 7 ಆರ್ಡರ್‌ನ ಎಲಿಮೆಂಟ್ ಇರಲು ಸಾಧ್ಯವಿಲ್ಲ. ಅಂದ ಮೇಲೆ P ಇಡೀ ಆ ಎಂಟು ಚುಕ್ಕಿಗಳಲ್ಲೇ ಇರಬೇಕು. ಅದಕ್ಕೆ ಬೇಕಾದ್ದೂ ಎಂಟೇ! ಇನ್ನೊಂದು ಸಬ್‌ಗ್ರೂಪ್‌ಗೆ ಜಾಗವೇ ಇಲ್ಲ, n₂ = 1. ಯಾವ g ತಗೊಂಡರೂ gPg⁻¹ ಕೂಡ 8 ಆರ್ಡರ್‌ನದೇ, ಹಾಗಾಗಿ ಅದು P ಆಗಲೇಬೇಕು. P ನಾರ್ಮಲ್.

ಈ ಎರಡನೇ ಸಂದರ್ಭ ಸುಮ್ನೆ ಕಲ್ಪನೆ ಅಂದುಕೊಳ್ಳಬೇಡಿ. 8 ಎಲಿಮೆಂಟ್‌ಗಳ ಫೀಲ್ಡ್ ಮೇಲೆ x ↦ ax + b (a ≠ 0) ರೂಪದ ಫಂಕ್ಷನ್‌ಗಳು 7×8 = 56 ಇವೆ. a ≠ 1 ಆದ 48 ಫಂಕ್ಷನ್‌ಗಳ ಆರ್ಡರ್ 7. ಉಳಿದ x ↦ x + b ಎಂಟು ಇವೆ, ಅವೇ ಇಲ್ಲಿ P.