ಜಪಾನಿ ಪೊಟ್ಟಣದ ಹಿಂಬದಿಯಲ್ಲಿರುವ ಆ ಕಂಸದ ಸಾಲು

ಪ್ರಶ್ನೆ: ಜಪಾನಿನ ಬಿಸ್ಕತ್ ಪೊಟ್ಟಣದ ಫೋಟೊ ತೆಗೆದು ಆ್ಯಪ್‌ನಲ್ಲಿ ಕನ್ನಡ ಮಾಡಿದೆ. ಕೊನೆಯಲ್ಲಿ ‘ಕೆಲವು ಗೋಧಿ, ಹಾಲು, ಸೋಯಾ ಹೊಂದಿರಬಹುದು’ ಅಂತ ಬಂತು. ಹಾಲಿನ ಅಲರ್ಜಿ ಇರುವವರಿಗೆ ಕೊಡಬಹುದಾ?

ಕೊಡಬೇಡಿ. ಅಲ್ಲಿರುವುದು ‘ಇರಬಹುದು’ ಅಲ್ಲ, ‘ಇದೆ’. ನೀವು ನೋಡಿದ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ:

```
原材料名：小麦粉、砂糖、植物油脂、ホエイパウダー、
麦芽エキス、食塩／乳化剤、香料、
(一部に小麦・乳成分・大豆を含む)
```

ಕಂಸದ ಮೊದಲ ಮೂರು ಅಕ್ಷರಗಳಿಗೆ (一部に) ಪದಶಃ ಅರ್ಥ ‘ಒಂದು ಭಾಗದಲ್ಲಿ’. ಆ್ಯಪ್ ಇದನ್ನು ‘ಕೆಲವು’ ಎಂದುಕೊಂಡು, ಕೊನೆಯ ಕ್ರಿಯಾಪದಕ್ಕೆ ತಾನೇ ಒಂದು ‘ಬಹುದು’ ಅಂಟಿಸಿದೆ. ಮೇಲಿನ ಪಟ್ಟಿಯ ಪದಾರ್ಥಗಳಲ್ಲಿ ಎಲ್ಲೋ ಒಂದು ಕಡೆ ಗೋಧಿ, ಹಾಲಿನ ಅಂಶ, ಸೋಯಾ ಖಂಡಿತ ಇವೆ ಎಂಬುದೇ ಈ ಸಾಲಿನ ಮಾತು. ಜಪಾನಿನ ನಿಯಮದಲ್ಲಿ ಅಲರ್ಜಿ ವಸ್ತುವಿನ ಬಗ್ಗೆ ‘ಇರಬಹುದು’ ಎಂದು ಬರೆಯಲು ಅವಕಾಶವೇ ಇಲ್ಲ. ಹಾಗಾಗಿ ಕಂಸದ ಅನುವಾದದಲ್ಲಿ ‘ಬಹುದು’ ಕಂಡರೆ ಅದು ಅನುವಾದದ ತಪ್ಪೆಂದೇ ತಿಳಿಯಿರಿ. ಕನ್ನಡದಲ್ಲಿ ‘ಇದರಲ್ಲಿ ಗೋಧಿ, ಹಾಲಿನ ಅಂಶ, ಸೋಯಾ ಇವೆ’ ಎಂದರೆ ಸಾಕು, ‘ಭಾಗ’ದ ಮಾತೇ ಬೇಡ.

ಪದಾರ್ಥಗಳನ್ನಷ್ಟೇ ಓದಿ ಕಂಸ ಬಿಟ್ಟರೂ ಮೋಸ ಹೋಗುತ್ತೀರಿ. ಮೇಲಿನ ಪಟ್ಟಿಯಲ್ಲಿ ಗೋಧಿ ಬಂದದ್ದು ಹಿಟ್ಟಿನಿಂದ, ಹಾಲು ಬಂದದ್ದು ನಾಲ್ಕನೆಯದಾದ ಹಾಲೊಡಕಿನ ಪುಡಿಯಿಂದ. ಸೋಯಾ ಎಂಬ ಹೆಸರು ಮಾತ್ರ ಎಲ್ಲೂ ಇಲ್ಲ. ಅದು ಓರೆಗೆರೆಯ ಆಚೆಗಿನ, ಎಣ್ಣೆ ನೀರನ್ನು ಬೆರೆಸಿಡುವ ಎಮಲ್ಸಿಫೈಯರ್‌ನಲ್ಲೋ ಸಸ್ಯಜನ್ಯ ಎಣ್ಣೆಯಲ್ಲೋ ಅಡಗಿರುತ್ತದೆ. ಆ ಓರೆಗೆರೆಯ ಹಿಂದಿನವು ಪದಾರ್ಥಗಳು, ಮುಂದಿನವು ಆಹಾರಕ್ಕೆ ಬೆರೆಸುವ ಸೇರ್ಪಡೆಗಳು.

ಕೆಲವು ಪೊಟ್ಟಣಗಳಲ್ಲಿ ಕೊನೆಯ ಕಂಸ ಇರುವುದಿಲ್ಲ. ಆಯಾ ಪದಾರ್ಥದ ಪಕ್ಕದಲ್ಲೇ ಚಿಕ್ಕ ಕಂಸ ಹಾಕಿ ‘ಸೋಯಾದಿಂದ ಬಂದದ್ದು’ ಎಂದು ಬರೆದಿರುತ್ತಾರೆ. ಈ ಕ್ರಮದಲ್ಲಿ ಒಂದು ವಸ್ತುವನ್ನು ಒಮ್ಮೆ ಹೇಳಿದ ಮೇಲೆ ಮತ್ತೆ ಬಂದಾಗ ಬಿಡಬಹುದು. ಒಂದು ಪದಾರ್ಥದ ಪಕ್ಕ ಕಂಸ ಇಲ್ಲ ಎಂದ ಮಾತ್ರಕ್ಕೆ ಅದು ಸುರಕ್ಷಿತ ಎನ್ನಲಾಗದು, ಪಟ್ಟಿಯನ್ನು ಕೊನೆಯವರೆಗೂ ಓದಲೇಬೇಕು.

‘ಹಾಲಿನ ಅಕ್ಷರ 乳 ಹುಡುಕಿದರೆ ಆಯಿತಲ್ಲ’ ಎನ್ನುವವರಿದ್ದಾರೆ. ಅದು ಎರಡೂ ಕಡೆಯಿಂದ ಕೈಕೊಡುತ್ತದೆ. ಎಮಲ್ಸಿಫೈಯರ್ (乳化剤) ಎಂಬುದರಲ್ಲಿ ಆ ಅಕ್ಷರವಿದೆ, ಹಾಲು ಇರಲೇಬೇಕೆಂದಿಲ್ಲ. ಹಾಲೊಡಕಿನ ಪುಡಿ (ホエイパウダー) ಅಪ್ಪಟ ಹಾಲಿನದು, ಅದರಲ್ಲಿ ಆ ಅಕ್ಷರವೇ ಇಲ್ಲ.

ಈಗ ಫೋಟೊ. ಈ ಅಕ್ಷರಗಳ ಕನಿಷ್ಠ ಗಾತ್ರ 8 ಪಾಯಿಂಟ್, ಚಿಕ್ಕ ಪೊಟ್ಟಣದಲ್ಲಿ 5.5, ಅಂದರೆ ಎರಡು ಮಿಲಿಮೀಟರಿಗೂ ಕಡಿಮೆ. ಕ್ಯಾಮೆರಾವನ್ನು ಪೊಟ್ಟಣದ ಮೇಲೆ ಆಡಿಸುತ್ತಾ ನೇರ ಅನುವಾದ ಮಾಡಬೇಡಿ. ಪೊಟ್ಟಣವನ್ನು ಸಪಾಟಾಗಿ ಎಳೆದು, ಬೆಳಕನ್ನು ಪಕ್ಕದಿಂದ ಬೀಳಿಸಿ, ಫ್ಲಾಶ್ ಇಲ್ಲದೆ, ಪಟ್ಟಿಯೇ ಚೌಕಟ್ಟು ತುಂಬುವಂತೆ ತೆಗೆಯಿರಿ. ಉದ್ದದ ಪಟ್ಟಿಯಾದರೆ ಎರಡು ಫೋಟೊ ಮಾಡಿ, ಒಂದು ಸಾಲು ಎರಡರಲ್ಲೂ ಇರಲಿ. ಮೊದಲು ಫೋಟೊದಿಂದ ಪಠ್ಯ ತೆಗೆಯಿರಿ, ಹಿಗ್ಗಿಸಿ ಮೂಲದೊಂದಿಗೆ ಹೋಲಿಸಿ, ಆಮೇಲೆ ಅನುವಾದಕ್ಕೆ ಕೊಡಿ. ತಪ್ಪಾಗುವುದು ಒಂದೇ ಅಕ್ಷರದಲ್ಲಿ: 小麦 ಗೋಧಿ, 大麦 ಬಾರ್ಲಿ, 大豆 ಸೋಯಾ, 小豆 ಕೆಂಪು ಅಜುಕಿ ಕಾಳು. ಎಳ್ಳಿಗೆ ごま, ಅದರ ಮೇಲಿನ ಎರಡು ಪುಟ್ಟ ಗೀಟು ಮಸುಕಾದರೆ こま ಆಗಿ ಅರ್ಥವೇ ತಪ್ಪುತ್ತದೆ.

ಪಟ್ಟಿಯ ಹೊರಗೆ ಬೇರೊಂದು ಸಾಲು ಇರಬಹುದು, ಅದನ್ನು ‘ಇದೇ ಕಾರ್ಖಾನೆಯಲ್ಲಿ ಮೊಟ್ಟೆ, ಶೇಂಗಾ ಇರುವ ತಿನಿಸುಗಳನ್ನೂ ತಯಾರಿಸುತ್ತಾರೆ’ ಎಂದು ಇದ್ದಂತೆಯೇ ಬರೆಯಿರಿ. ಇದನ್ನು ‘ಇದೆ’ ಎನ್ನಬಾರದು, ಬಿಟ್ಟುಬಿಡಲೂಬಾರದು. ಶೇಂಗಾ ಅಥವಾ ಕಡಲೆಕಾಯಿ ಎಂದೇ ಇರಲಿ, ಬರೀ ‘ಕಡಲೆ’ ಎಂದರೆ ಓದುವವರಿಗೆ ಬೇರೆಯೇ ಕಾಳು. ಬಕ್‌ವೀಟ್ ಕೂಡ ಗೋಧಿ ಅಲ್ಲ, ಹೆಸರನ್ನು ಹಾಗೇ ಉಳಿಸಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಆ ಕಂಸಕ್ಕೆ ಮಿತಿ ಇದೆ. ಮೊಟ್ಟೆ, ಹಾಲು, ಗೋಧಿ, ಬಕ್‌ವೀಟ್, ಶೇಂಗಾ, ಸಿಗಡಿ, ಏಡಿ ಬಹುಕಾಲದಿಂದ ಕಡ್ಡಾಯ, 2023ರಲ್ಲಿ ಅಕ್ರೋಟು ಸೇರಿತು. ಸೋಯಾ, ಎಳ್ಳು ಮುಂತಾದವನ್ನು ಬರೆಯಲು ಶಿಫಾರಸು ಮಾತ್ರ, ಬರೆಯದೆಯೂ ಇರಬಹುದು. ಬಾರ್ಲಿ ಯಾವ ಪಟ್ಟಿಯಲ್ಲೂ ಇಲ್ಲ. ಮೇಲಿನ ಪಟ್ಟಿಯ ಐದನೆಯ ಪದಾರ್ಥ ಮಾಲ್ಟ್ ಸಾರ ಸಾಮಾನ್ಯವಾಗಿ ಬಾರ್ಲಿಯಿಂದ ಬರುತ್ತದೆ. ಗೋಧಿ, ಬಾರ್ಲಿ ಎರಡರಲ್ಲೂ ಇರುವ ಗ್ಲುಟೆನ್ ಎಂಬ ಪ್ರೋಟೀನನ್ನು ಬಿಟ್ಟವರಿಗೆ ಹೀಗೆ ಗೋಧಿ ಇಲ್ಲದ ಪೊಟ್ಟಣವೂ ತೊಂದರೆ ಕೊಡಬಹುದು, ಕಂಸದಲ್ಲಿ ಅದರ ಸುಳಿವೇ ಸಿಗುವುದಿಲ್ಲ.